ಹಳೆಯ ರಿಕ್ರೂಟರ್‌ಗೆ ಒಂದು ಮೆಸೇಜು: ‘ಮಾರ್ಕೆಟ್ ಹೇಗಿದೆ, ನಿಜ ಹೇಳಿ’

ಬೆಂಗಳೂರಿನ ಐಟಿ ಜನರ ನಡುವೆ ಒಂದು ಬಗೆಯ ಮೆಸೇಜು ಬಹಳ ಓಡಾಡುತ್ತದೆ. ಏಳೆಂಟು ವರ್ಷಗಳ ಹಿಂದೆ ತಮ್ಮನ್ನು ಈಗಿನ ಕಂಪನಿಗೆ ಸೇರಿಸಿದ ಕನ್ಸಲ್ಟೆನ್ಸಿಯ ರಿಕ್ರೂಟರನ್ನು ಲಿಂಕ್ಡ್‌ಇನ್‌ನಲ್ಲೋ ವಾಟ್ಸ್ಯಾಪ್‌ನಲ್ಲೋ ಹುಡುಕಿ ತೆಗೆದು, ‘ಈಗ ಮಾರ್ಕೆಟ್ ಹೇಗಿದೆ, ನಿಜ ಹೇಳಿ’ ಎಂದು ಕೇಳುವುದು. ಬರೆಯುವವರು ಹೆಚ್ಚಾಗಿ ಕೆಲಸದಲ್ಲಿ ಇರುವವರೇ. ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಫೀಸು ಎಲ್ಲ ನಡೆಯುತ್ತಿದೆ. ಆದರೆ ಈ ಸಲದ ಅಪ್ರೈಸಲ್ ಸಪ್ಪೆಯಾಗಿದೆ, ಪಕ್ಕದ ಪ್ರಾಜೆಕ್ಟಿನ ಇಬ್ಬರು ಬೆಂಚಿಗೆ ಹೋಗಿದ್ದಾರೆ, ಪೇಪರಿನಲ್ಲಿ ಲೇಆಫ್ ಸುದ್ದಿ ಬರುತ್ತಿದೆ. ಇಂಥ ಹೊತ್ತಿನಲ್ಲಿ ಒಳಗಿನ ಸಂಗತಿ ಗೊತ್ತಿರುವ ಒಬ್ಬರನ್ನು ಕೇಳೋಣ ಎಂದು ಹೊಳೆಯುವುದು ಸಹಜ.

ಈ ಯೋಚನೆ ಸರಿಯಾದದ್ದೇ. ರಿಕ್ರೂಟರ್‌ಗೆ ಗೊತ್ತಿರುವ ಕೆಲವು ವಿಷಯ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಎಡವುವುದು ಬರವಣಿಗೆಯಲ್ಲಿ. ಮೆಸೇಜು ಪ್ರಾಮಾಣಿಕತೆಯನ್ನು ಬೇಡುತ್ತದೆ, ಆದರೆ ಪ್ರಾಮಾಣಿಕವಾಗಿ ಉತ್ತರಿಸಬಹುದಾದ ಪ್ರಶ್ನೆ ಅದರಲ್ಲಿ ಒಂದೂ ಇರುವುದಿಲ್ಲ. ಅದರ ಸಾಮಾನ್ಯ ರೂಪವನ್ನು ನೋಡಿದರೆ ಇದು ಅರ್ಥವಾಗುತ್ತದೆ. ಹಲವು ಮೆಸೇಜುಗಳ ಅಚ್ಚಿನಲ್ಲಿ ನಾನೇ ಒಂದನ್ನು ಬರೆದಿದ್ದೇನೆ:

‘ಹಾಯ್ ಮೇಡಂ, ಹೇಗಿದ್ದೀರಿ? ನನ್ನ ನೆನಪಿದೆಯಾ? ನೀವೇ ಪ್ಲೇಸ್ ಮಾಡಿದ್ದು. ಮಾತಾಡಿ ಬಹಳ ದಿನ ಆಯ್ತು. ಈಗ ಮಾರ್ಕೆಟ್ ಹೇಗಿದೆ? ಮುಚ್ಚುಮರೆ ಇಲ್ಲದೆ ಹೇಳಿ. ನನ್ನ ಪ್ರೊಫೈಲ್‌ಗೆ ಸೂಟ್ ಆಗೋ ಒಳ್ಳೆ ಓಪನಿಂಗ್ ಇದ್ರೆ ನೋಡಿ. ರೆಸ್ಯೂಮೆ ಅಟ್ಯಾಚ್ ಮಾಡಿದ್ದೀನಿ.’

ಓದಲು ಸೌಜನ್ಯದ ಮೆಸೇಜೇ. ಆದರೆ ‘ನೆನಪಿದೆಯಾ’ ಎಂಬ ಮಾತು ಮೊದಲ ಸಾಲಿನಲ್ಲೇ ಎದುರಿನವರಿಗೆ ಕೆಲಸ ಹಚ್ಚುತ್ತದೆ. ವರ್ಷಕ್ಕೆ ಹತ್ತಾರು ಜನರನ್ನು ಸೇರಿಸುವ, ಸಾವಿರಾರು ರೆಸ್ಯೂಮೆ ತಿರುವಿಹಾಕುವ ರಿಕ್ರೂಟರ್‌ಗೆ ಎಂಟು ವರ್ಷದ ಹಿಂದಿನ ಒಬ್ಬ ಕ್ಯಾಂಡಿಡೇಟ್ ನೆನಪಿರುವುದು ಕಷ್ಟ. ಯಾವ ವರ್ಷ, ಯಾವ ಕಂಪನಿ, ಯಾವ ಹುದ್ದೆ ಎಂದು ಹೇಳಿದ್ದರೆ ತಾನಾಗಿ ನೆನಪಾಗುತ್ತಿತ್ತು. ‘ಮಾರ್ಕೆಟ್ ಹೇಗಿದೆ’ ಎಂಬ ಪ್ರಶ್ನೆಗೆ ಸಿದ್ಧ ಉತ್ತರ ಒಂದಿದೆ: ‘ಸ್ವಲ್ಪ ಸ್ಲೋ ಇದೆ, ಮುಂದಿನ ಕ್ವಾರ್ಟರ್‌ನಲ್ಲಿ ಪಿಕಪ್ ಆಗಬಹುದು.’ ಯಾವ ವರ್ಷ ಕೇಳಿದರೂ ಈ ವಾಕ್ಯ ಹೊಂದುತ್ತದೆ. ಕೊನೆಯ ಎರಡು ಸಾಲಂತೂ ಇಡೀ ಮೆಸೇಜಿನ ಸ್ವರೂಪವನ್ನೇ ಬದಲಿಸಿಬಿಡುತ್ತವೆ. ಅಲ್ಲಿಯವರೆಗೆ ಸಲಹೆ ಕೇಳುತ್ತಿದ್ದವರು ಅಲ್ಲಿ ಅರ್ಜಿ ಹಾಕಿದಂತಾಯಿತು. ಅರ್ಜಿ ಹಾಕಿದವರಿಗೆ ಯಾರೂ ಮುಚ್ಚುಮರೆ ಇಲ್ಲದ ಮಾತು ಹೇಳುವುದಿಲ್ಲ. ‘ರೆಸ್ಯೂಮೆ ಸಿಕ್ಕಿತು, ಏನಾದರೂ ಬಂದರೆ ತಿಳಿಸುತ್ತೇನೆ’ ಎಂದು ಹೇಳಿ ಕಡತಕ್ಕೆ ಸೇರಿಸುತ್ತಾರೆ.

ಈ ಮೆಸೇಜು ಹೀಗೇಕೆ ಸೋಲುತ್ತದೆ ಎಂದು ತಿಳಿಯಬೇಕಾದರೆ ಎದುರಿನವರ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಕನ್ಸಲ್ಟೆನ್ಸಿಗೆ ಹಣ ಕೊಡುವುದು ಕ್ಯಾಂಡಿಡೇಟ್ ಅಲ್ಲ, ಕೆಲಸ ಕೊಡುವ ಕಂಪನಿ. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ದರ ವಾರ್ಷಿಕ ಸಿಟಿಸಿಯ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು. ಹಿರಿಯ ಹುದ್ದೆಗಳಿಗೆ ಇದು ಹೆಚ್ಚಿರುತ್ತದೆ, ಸಾಮಾನ್ಯ ಹುದ್ದೆಗಳಿಗೆ ಕೆಲವು ಕಂಪನಿಗಳು ಇನ್ನೂ ಕೆಳಕ್ಕೆ ಎಳೆಯುತ್ತವೆ. ಈ ಹಣ ಆಫರ್ ಲೆಟರ್ ಬಂದಾಗ ಹುಟ್ಟುವುದಿಲ್ಲ, ಕ್ಯಾಂಡಿಡೇಟ್ ಹೋಗಿ ಸೇರಿದ ಮೇಲೆ ಹುಟ್ಟುತ್ತದೆ. ಸೇರಿದವರು ಎರಡು ಮೂರು ತಿಂಗಳೊಳಗೆ ಬಿಟ್ಟರೆ ಬದಲಿ ಜನ ಕೊಡಬೇಕು, ಇಲ್ಲವೇ ಹಣ ಹಿಂತಿರುಗಿಸಬೇಕು ಎಂಬ ಷರತ್ತೂ ಒಪ್ಪಂದದಲ್ಲಿ ಇರುತ್ತದೆ.

ಇದನ್ನು ಅಂಕಿಯಲ್ಲಿ ನೋಡೋಣ. ನಿಮಗೆ 30 ಲಕ್ಷದ ಆಫರ್ ಬಂದರೆ ಕನ್ಸಲ್ಟೆನ್ಸಿಗೆ ಸುಮಾರು 2.5 ಲಕ್ಷ. ನೀವು ಪಟ್ಟು ಹಿಡಿದು 32 ಲಕ್ಷ ಮಾಡಿಸಿಕೊಂಡರೆ ನಿಮಗೆ ವರ್ಷಕ್ಕೆ 2 ಲಕ್ಷ ಹೆಚ್ಚು, ಕನ್ಸಲ್ಟೆನ್ಸಿಗೆ ಒಂದೇ ಸಲ 16,660 ರೂಪಾಯಿ ಹೆಚ್ಚು. ಆ 16,660ರ ಆಸೆಗೆ ಎಳೆದಾಡಿ, ಆಫರೇ ಮುರಿದುಬಿದ್ದರೆ 2.5 ಲಕ್ಷ ಹೋಗುತ್ತದೆ. ಆದ್ದರಿಂದ ‘ನಾನು ಎಷ್ಟು ಕೇಳಬಹುದು’ ಎಂದರೆ ಬರುವ ಉತ್ತರ ಸ್ವಲ್ಪ ಕೆಳಗೇ ಇರುತ್ತದೆ. ಅದು ಸುಳ್ಳಲ್ಲ, ಬೇಗ ಮುಗಿಯುವ ಸಂಖ್ಯೆ. ನಿಮಗೆ ಬೇಕಾದದ್ದು ಎಟುಕಬಹುದಾದ ಗರಿಷ್ಠ ಸಂಖ್ಯೆ. ಎರಡರ ನಡುವೆ ಅಂತರ ಇದ್ದೇ ಇರುತ್ತದೆ.

ಹಾಗೆಂದು ರಿಕ್ರೂಟರ್ ಮಾತು ನಂಬಬಾರದೆಂದು ತೀರ್ಮಾನಿಸಿದರೆ ಅದೂ ತಪ್ಪಾಗುತ್ತದೆ. ಅಡಿಕೆ ಮಂಡಿಯ ದಲಾಲರು ಇವತ್ತಿನ ಧಾರಣೆ, ಯಾವ ಬಗೆಯ ಮಾಲು ನಿಂತುಹೋಯಿತು, ಯಾರು ಕೊಳ್ಳುವುದನ್ನು ನಿಲ್ಲಿಸಿದರು ಎಂಬುದನ್ನು ಖಚಿತವಾಗಿ ಹೇಳಬಲ್ಲರು. ಮುಂದಿನ ವರ್ಷ ತೋಟ ಹಾಕಬೇಕೇ ಎಂದು ಕೇಳಿದರೆ ಅವರ ಮಾತಿಗೆ ಬೇರೆಯವರ ಮಾತಿಗಿಂತ ಹೆಚ್ಚಿನ ತೂಕವಿಲ್ಲ. ರಿಕ್ರೂಟರದೂ ಇದೇ ಸ್ಥಿತಿ. ಕಣ್ಣಾರೆ ಕಂಡದ್ದನ್ನು ಕೇಳಿದರೆ ಒಳ್ಳೆಯ ಸಾಕ್ಷಿ, ಭವಿಷ್ಯ ಕೇಳಿದರೆ ಸಾಧಾರಣ ಜೋಯಿಸ.

ಹಾಗಾದರೆ ಅವರು ಕಣ್ಣಾರೆ ಕಾಣುವುದೇನು? ನನ್ನ ಲೆಕ್ಕದಲ್ಲಿ ಅತ್ಯಂತ ಬೆಲೆಯುಳ್ಳ ತಿಳಿವಳಿಕೆ ಒಂದೇ: ಜಾಹೀರಾತಿನಲ್ಲಿರುವ ಕೆಲಸಕ್ಕೂ ನಿಜವಾಗಿ ಖಾಲಿ ಇರುವ ಕೆಲಸಕ್ಕೂ ಇರುವ ವ್ಯತ್ಯಾಸ. ನೌಕ್ರಿಯಲ್ಲೋ ಲಿಂಕ್ಡ್‌ಇನ್‌ನಲ್ಲೋ ಇನ್ನೂರು ಓಪನಿಂಗ್ ಕಂಡರೆ ನಮಗೆ ಧೈರ್ಯ ಬರುತ್ತದೆ. ಆ ಇನ್ನೂರರಲ್ಲಿ ಕೆಲವು ಬಜೆಟ್ ನಿಂತುಹೋಗಿ ‘ಹೋಲ್ಡ್’ ಆದವು, ಜಾಹೀರಾತು ತೆಗೆಯಲು ಯಾರಿಗೂ ನೆನಪಾಗಿಲ್ಲ. ಕೆಲವು ಇನ್ನೂ ಕೈಗೆ ಬಾರದ ಪ್ರಾಜೆಕ್ಟಿಗಾಗಿ ಮುಂಚೆಯೇ ರೆಸ್ಯೂಮೆ ಕೂಡಿಟ್ಟುಕೊಳ್ಳಲು ಹಾಕಿದವು. ಕೆಲವಕ್ಕೆ ಒಳಗಿನವರನ್ನೇ ಆರಿಸಿಕೊಂಡಾಗಿದೆ, ನಿಯಮಕ್ಕಾಗಿ ಜಾಹೀರಾತು ಇದೆ. ಒಂದೇ ಹುದ್ದೆಯನ್ನು ನಾಲ್ಕು ಕನ್ಸಲ್ಟೆನ್ಸಿಗಳು ಬೇರೆ ಬೇರೆ ಹೆಸರಿನಲ್ಲಿ ಹಾಕಿದ್ದೂ ಇರುತ್ತದೆ. ಹೊರಗಿನಿಂದ ಇವೆಲ್ಲ ಒಂದೇ ಥರ ಕಾಣುತ್ತವೆ. ಒಳಗಿನವರಿಗೆ ವ್ಯತ್ಯಾಸ ಗೊತ್ತು, ಏಕೆಂದರೆ ಹೋಲ್ಡ್ ಆದ ಹುದ್ದೆಗೆ ಅವರು ಕಳಿಸಿದ ಐದು ರೆಸ್ಯೂಮೆಗಳಿಗೆ ಉತ್ತರ ಬಂದಿಲ್ಲ, ಆ ದುಡಿಮೆಗೆ ದುಡ್ಡೂ ಬಂದಿಲ್ಲ.

ನೌಕ್ರಿ ಡಾಟ್ ಕಾಮ್ ಪ್ರತಿ ತಿಂಗಳು ಪ್ರಕಟಿಸುವ ಜಾಬ್‌ಸ್ಪೀಕ್ ಸೂಚ್ಯಂಕ ಆ ತಾಣದಲ್ಲಿನ ಜಾಹೀರಾತು ಮತ್ತು ರಿಕ್ರೂಟರುಗಳ ಹುಡುಕಾಟದ ಮೇಲೆ ನಿಂತದ್ದು. ಗಾಳಿ ಯಾವ ಕಡೆ ಬೀಸುತ್ತಿದೆ ಎನ್ನಲು ಅದು ಸಾಕು. ಅದರೊಳಗೆ ನಿಮ್ಮ ತುಂಡು ಎಲ್ಲಿದೆ ಎಂದು ಹೇಳಲು ಸಾಲದು. ದೊಡ್ಡ ಸಂಖ್ಯೆಗಳ ತೊಡಕೂ ಇದೇ. 2023–24ರಲ್ಲಿ ಟಿಸಿಎಸ್‌ನ ಸಿಬ್ಬಂದಿ ಸಂಖ್ಯೆ 13,249ರಷ್ಟು, ಇನ್ಫೋಸಿಸ್‌ನದು 25,994ರಷ್ಟು ಇಳಿಯಿತು. ಅದೇ ಕಾಲದಲ್ಲಿ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆದ ಕಚೇರಿಗಳು, ಅಂದರೆ ಜಿಸಿಸಿಗಳು, ದೇಶದಲ್ಲಿ 1,700ನ್ನು ದಾಟಿದ್ದವು. ಅವುಗಳ ದೊಡ್ಡ ಪಾಲು ಬೆಂಗಳೂರಿನಲ್ಲೇ ಇದೆ. ಒಂದೇ ಔಟರ್ ರಿಂಗ್ ರೋಡಿನ ಎರಡು ಕಟ್ಟಡಗಳಲ್ಲಿ ಎರಡು ಮಾರ್ಕೆಟ್ ಇದ್ದವು ಎಂದರೂ ಸರಿಯೇ. ‘ಮಾರ್ಕೆಟ್ ಹೇಗಿದೆ’ ಎಂದು ಒಟ್ಟಾಗಿ ಕೇಳಿದಾಗ ರಿಕ್ರೂಟರ್ ಯಾವ ಕಟ್ಟಡದ ಬಗ್ಗೆ ಹೇಳಬೇಕು? ಅವರ ಕ್ಲೈಂಟುಗಳು ಸರ್ವಿಸ್ ಕಂಪನಿಗಳೇ ಆಗಿದ್ದರೆ ಊರೆಲ್ಲ ಬರಗಾಲ ಎನ್ನುತ್ತಾರೆ, ಜಿಸಿಸಿಗಳಾಗಿದ್ದರೆ ಜನ ಸಿಗುತ್ತಿಲ್ಲ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ.

ಇನ್ನು ಬರೆಯುವ ಮೊದಲು ನೋಡಬೇಕಾದ ಸಂಗತಿ ಒಂದಿದೆ: ಆ ರಿಕ್ರೂಟರ್ ಈಗ ಎಲ್ಲಿದ್ದಾರೆ? ಅವರು ಇನ್ನೂ ಕನ್ಸಲ್ಟೆನ್ಸಿಯಲ್ಲೇ ಇದ್ದರೆ ಮೇಲಿನ ಮಾತೆಲ್ಲ ಅನ್ವಯಿಸುತ್ತದೆ. ಯಾವುದೋ ಕಂಪನಿಯ ಒಳಗೆ ಸೇರಿದ್ದರೆ ಒಂದೇ ಕಂಪನಿಯ ಕಿಟಕಿಯಿಂದ ನೋಡುತ್ತಿರುತ್ತಾರೆ, ಸಂಬಳದ ಬ್ಯಾಂಡ್ ಹೇಳುವ ಸ್ವಾತಂತ್ರ್ಯವೂ ಇರುವುದಿಲ್ಲ. ಅವರೇ ಕೆಲಸ ಕಳೆದುಕೊಂಡಿರುವ ಸಾಧ್ಯತೆಯೂ ಇದೆ. ನೇಮಕ ನಿಂತಾಗ ನೇಮಕ ಮಾಡುವವರ ಕೆಲಸವೇ ಮೊದಲು ಹೋಗುತ್ತದೆ. 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ತೆಗೆದಾಗ ರಿಕ್ರೂಟಿಂಗ್ ವಿಭಾಗಕ್ಕೆ ಏಟು ಹೆಚ್ಚು ಬೀಳುತ್ತದೆ ಎಂದು ಜುಕರ್‌ಬರ್ಗ್ ತಾವೇ ಹೇಳಿದ್ದರು. ‘ಒಳ್ಳೆ ಓಪನಿಂಗ್ ಇದ್ರೆ ನೋಡಿ’ ಎಂಬ ಸಾಲು ಸ್ವತಃ ಓಪನಿಂಗ್ ಹುಡುಕುತ್ತಿರುವವರ ಕೈಗೆ ಹೋಗಿ ಸೇರಿದರೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಪ್ರೊಫೈಲ್ ಒಮ್ಮೆ ತೆರೆದು ನೋಡಿದರೆ ಇದು ತಪ್ಪುತ್ತದೆ.

ನಿಮ್ಮ ಈಗಿನ ಕಂಪನಿ ಆ ಕನ್ಸಲ್ಟೆನ್ಸಿಯ ಕ್ಲೈಂಟ್ ಆಗಿ ಉಳಿದಿದೆಯೇ ಎಂಬುದನ್ನೂ ತಿಳಿದುಕೊಳ್ಳಬೇಕು. ನಿಮ್ಮನ್ನು ಅಲ್ಲಿಗೆ ಸೇರಿಸಿದವರೇ ಅವರಾದ್ದರಿಂದ ಇದು ಕಾಲ್ಪನಿಕ ಭಯವಲ್ಲ. ಕ್ಲೈಂಟ್ ಕಂಪನಿಯಿಂದ ಜನರನ್ನು ಎಳೆಯಬಾರದು ಎಂಬುದು ಈ ವ್ಯಾಪಾರದ ಸಾಮಾನ್ಯ ನಿಯಮ. ಹಾಗಿದ್ದಾಗ ನಿಮಗೆ ಕೆಲಸ ಕೊಡಿಸುವಂತಿಲ್ಲ, ನಿಮ್ಮ ಮ್ಯಾನೇಜರ್ ಜೊತೆ ಅವರು ವಾರಕ್ಕೊಮ್ಮೆ ಮಾತಾಡುತ್ತಿರಲೂಬಹುದು. ಬಾಯಿ ತಪ್ಪಿ ಒಂದು ಮಾತು ಹೋದರೆ ಸಾಕು. ‘ನಮ್ಮ ಕಂಪನಿಗೆ ಈಗಲೂ ಜನ ಕಳಿಸುತ್ತೀರಾ’ ಎಂದು ಫೋನಿನಲ್ಲಿ ಸಹಜವಾಗಿ ಕೇಳಿ ತಿಳಿದುಕೊಂಡ ಮೇಲೆ ಉಳಿದ ಮಾತು.

ಈಗ ಒಂದು ಪ್ರಸಂಗವನ್ನು ಕೊನೆಯವರೆಗೆ ಹಿಡಿದು ನೋಡೋಣ. ಪಾತ್ರ ನನ್ನ ಕಲ್ಪನೆಯದು, ಅಂಕಿಗಳೂ ಉದಾಹರಣೆಗೆ ಮಾತ್ರ, ಆದರೆ ಸ್ಥಿತಿ ಅಪರೂಪದ್ದಲ್ಲ. ಸರ್ವಿಸ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಮ್ಯಾನೇಜರ್, 15 ವರ್ಷದ ಅನುಭವ. ಸಿಟಿಸಿ 34 ಲಕ್ಷ, ಅದರಲ್ಲಿ 30 ಫಿಕ್ಸೆಡ್, 4 ವೇರಿಯಬಲ್. ನೋಟಿಸ್ ಪೀರಿಯಡ್ 90 ದಿನ. ಹನ್ನೆರಡು ಜನರ ತಂಡವನ್ನು ನೋಡಿಕೊಳ್ಳುತ್ತಾರೆ, ಕೋಡ್ ಮುಟ್ಟಿ ನಾಲ್ಕು ವರ್ಷವಾಗಿದೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು, ಅದರಲ್ಲೂ ಮಧ್ಯಮ ಮತ್ತು ಹಿರಿಯ ಹಂತದವರನ್ನು ಬಿಡುವುದಾಗಿ ಹೇಳಿದಾಗ ಎದೆಯಲ್ಲಿ ಅಳುಕು ಹುಟ್ಟಿದ್ದು ಇಂಥವರಿಗೇ. ಅವರ ಮೆಸೇಜು ಹೀಗಿದ್ದರೆ ಹೇಗೆ?

‘ನಮಸ್ಕಾರ ಮೇಡಂ. 2017ರಲ್ಲಿ ನೀವು ನನ್ನನ್ನು ಈಗಿನ ಕಂಪನಿಗೆ ಟೆಸ್ಟಿಂಗ್ ಲೀಡ್ ಆಗಿ ಸೇರಿಸಿದ್ದಿರಿ. ಈಗಲೂ ಅಲ್ಲೇ ಇದ್ದೀನಿ, ಮ್ಯಾನೇಜರ್ ಆಗಿ. ಸದ್ಯಕ್ಕೆ ಕೆಲಸ ಹುಡುಕುತ್ತಿಲ್ಲ, ಆರು ತಿಂಗಳೊಳಗೆ ಹೊರಡಬೇಕೋ ಬೇಡವೋ ಅಂತ ನಿರ್ಧರಿಸಬೇಕು. ಮೂರು ವಿಷಯ ಕೇಳಬೇಕಿತ್ತು. ಒಂದು, ಕಳೆದ ಮೂರು ತಿಂಗಳಲ್ಲಿ ಈ ಹಂತದ ರಿಕ್ವೈರ್‌ಮೆಂಟ್ ನಿಮಗೆ ಎಷ್ಟು ಬಂದವು, ಎಷ್ಟು ಕ್ಲೋಸ್ ಆದವು, ಎಷ್ಟು ಹೋಲ್ಡ್ ಆದವು? ಎರಡು, ನನ್ನಂಥವರು ಹೆಚ್ಚಾಗಿ ಬಿದ್ದುಹೋಗುವುದು ಎಲ್ಲಿ: ಶಾರ್ಟ್‌ಲಿಸ್ಟ್‌ನಲ್ಲೋ, ಟೆಕ್ನಿಕಲ್ ರೌಂಡಿನಲ್ಲೋ, ಸಂಬಳದ ಮಾತಿನಲ್ಲೋ? ಮೂರು, ನನ್ನ ಫಿಕ್ಸೆಡ್ 30, ನೋಟಿಸ್ 90 ದಿನ. ಈ ಪ್ರೊಫೈಲನ್ನು ಇವತ್ತು ನಿಮ್ಮ ಕ್ಲೈಂಟ್‌ಗೆ ಕಳಿಸುತ್ತೀರಾ? ಇಲ್ಲ ಅಂದ್ರೆ ಏಕೆ? ಬರೆಯೋದಕ್ಕಿಂತ ಹತ್ತು ನಿಮಿಷ ಫೋನ್ ಸುಲಭವಾದರೆ ನಿಮಗೆ ಅನುಕೂಲವಾದ ಸಮಯ ಹೇಳಿ. ದಯವಿಟ್ಟು ನನ್ನ ಹೆಸರು ಸದ್ಯಕ್ಕೆ ಎಲ್ಲಿಗೂ ಕಳಿಸಬೇಡಿ.’

ಇದು ಹಿಂದಿನದಕ್ಕಿಂತ ಉದ್ದವಾಗಿದೆ, ಆದರೂ ಉತ್ತರಿಸುವುದು ಸುಲಭ. ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಅವರ ಎಕ್ಸೆಲ್ ಶೀಟಿನಲ್ಲಿದೆ. ಅಲ್ಲಿ ಅಭಿಪ್ರಾಯ ತಿದ್ದಿ ಹೇಳಬೇಕಾದ ಸಂಕಟವಿಲ್ಲ. ಮೂರನೆಯದು ಇಡೀ ಮೆಸೇಜಿನ ಗಟ್ಟಿ ಪ್ರಶ್ನೆ. ‘ನನ್ನ ಪ್ರೊಫೈಲ್ ಹೇಗಿದೆ’ ಎಂದು ಕೇಳಿದರೆ ಸೌಜನ್ಯಕ್ಕೆ ‘ಚೆನ್ನಾಗಿದೆ’ ಎನ್ನುತ್ತಾರೆ. ಕ್ಲೈಂಟ್‌ಗೆ ಕಳಿಸುತ್ತೀರಾ ಎಂದರೆ ಅವರು ತಮ್ಮ ಹೆಸರನ್ನು ಪಣಕ್ಕಿಟ್ಟು ಯೋಚಿಸಬೇಕಾಗುತ್ತದೆ. ಕೆಟ್ಟ ರೆಸ್ಯೂಮೆ ಕಳಿಸಿದರೆ ಕ್ಲೈಂಟ್ ಮುಂದೆ ಮುಖ ಸಣ್ಣದಾಗುತ್ತದೆ. ಆ ಭಯವೇ ಅಲ್ಲಿ ಪ್ರಾಮಾಣಿಕತೆಯನ್ನು ತರುತ್ತದೆ. ‘ಸದ್ಯಕ್ಕೆ ಹುಡುಕುತ್ತಿಲ್ಲ’ ಎಂಬ ಮಾತು ಅರ್ಜಿಯ ವಾಸನೆಯನ್ನು ತೆಗೆಯುತ್ತದೆ, ಆದರೆ ಅದು ನಿಜವಾಗಿದ್ದರೆ ಮಾತ್ರ ಬರೆಯಬೇಕು. ನೌಕ್ರಿಯಲ್ಲಿ ಪ್ರೊಫೈಲ್ ನಿನ್ನೆ ಅಪ್‌ಡೇಟ್ ಮಾಡಿ ಇವತ್ತು ಹೀಗೆ ಬರೆದರೆ ಅವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ, ಏಕೆಂದರೆ ಇತ್ತೀಚೆಗೆ ಯಾರು ಸಕ್ರಿಯರಾಗಿದ್ದಾರೆ ಎಂದು ಸೋಸಿ ನೋಡುವುದೇ ಅವರ ದಿನದ ಕೆಲಸ.

ಉತ್ತರ ಹೀಗೆ ಬಂತು ಎಂದುಕೊಳ್ಳೋಣ: ‘ನಾಲ್ಕು ಬಂದಿದ್ದವು. ಒಂದು ಕ್ಲೋಸ್ ಆಯ್ತು, ಎರಡು ಹೋಲ್ಡ್, ಒಂದಕ್ಕೆ ಇಂಟರ್ನಲ್ ಜನ ತಗೊಂಡ್ರು. ಬರೀ ಟೀಮ್ ನೋಡ್ಕೊಳ್ಳೋ ಮ್ಯಾನೇಜರ್ ಯಾರೂ ಕೇಳ್ತಿಲ್ಲ ಸರ್, ಆಟೊಮೇಷನ್ ಫ್ರೇಮ್‌ವರ್ಕ್ ಕೂತು ಬರೆಯೋ ಲೀಡ್ ಬೇಕು ಅಂತಾರೆ. ಟೆಕ್ನಿಕಲ್ ರೌಂಡಲ್ಲೇ ಜಾಸ್ತಿ ಜನ ಬೀಳ್ತಾರೆ. 30 ಫಿಕ್ಸೆಡ್ ಕಷ್ಟ, 26–28ಕ್ಕೆ ಸಿಗೋರು ಇದ್ದಾರೆ. ಮುಂದಿನ ವರ್ಷ ಸರಿಹೋಗುತ್ತೆ. ಒಂದು ಕೆಲಸ ಮಾಡಿ, ಪೇಪರ್ ಹಾಕಿಬಿಡಿ. ನೋಟಿಸ್‌ನಲ್ಲಿದ್ದೀರಿ ಅಂದ್ರೆ ಬೇಗ ಮೂವ್ ಆಗುತ್ತೆ.’

ಎಷ್ಟು ಆತ್ಮೀಯವಾಗಿದೆ ಈ ಉತ್ತರ! ಇದನ್ನು ಒಂದೇ ತೂಕದಲ್ಲಿ ತೂಗಿದರೆ ಮೋಸ ಹೋಗುತ್ತೇವೆ. ಇದರಲ್ಲಿ ಮೂರು ಬಗೆಯ ಮಾತು ಬೆರೆತಿದೆ. ನಾಲ್ಕರಲ್ಲಿ ಒಂದು ಕ್ಲೋಸ್, ಟೆಕ್ನಿಕಲ್ ರೌಂಡಿನಲ್ಲಿ ಬೀಳುತ್ತಾರೆ ಎಂಬುದು ಕಂಡದ್ದು. ಇದನ್ನು ನಂಬಬಹುದು. ಒಂದು ಮೇಜಿನ ಮೇಲಿನ ನಾಲ್ಕು ಹುದ್ದೆ ಇಡೀ ಊರಿನ ಲೆಕ್ಕವಲ್ಲ, ಆದರೂ ಎರಡು ಹೋಲ್ಡ್ ಆದವು ಎಂಬುದು ಯಾವ ಜಾಹೀರಾತೂ ಹೇಳದ ಸಂಗತಿ. ‘ಮುಂದಿನ ವರ್ಷ ಸರಿಹೋಗುತ್ತೆ’ ಎಂಬುದು ಸಮಾಧಾನದ ಮಾತು, ಬಿಟ್ಟುಬಿಡಬೇಕು. ‘26–28ಕ್ಕೆ ಸಿಗೋರು ಇದ್ದಾರೆ’ ಎಂಬುದು ಕಂಡದ್ದೂ ಹೌದು, ವ್ಯಾಪಾರವೂ ಹೌದು. ಮೊದಲೇ ನೋಡಿದಂತೆ ಬೇಗ ಮುಗಿಯುವ ಸಂಖ್ಯೆ ಅದು. ಕ್ಲೋಸ್ ಆದ ಆ ಒಂದು ಹುದ್ದೆಗೆ ಎಷ್ಟು ಫಿಕ್ಸೆಡ್ ಕೊಟ್ಟರು ಎಂದು ಮತ್ತೆ ಕೇಳಬೇಕು. ಕೊಟ್ಟದ್ದು ಮತ್ತು ಕೊಡಬಹುದಾದದ್ದು ಬೇರೆ. ಕೊಟ್ಟದ್ದನ್ನು ಹೇಳುವಾಗ ಊಹೆಗೆ ಜಾಗವಿರುವುದಿಲ್ಲ.

ಕೊನೆಯ ಸಲಹೆಯಲ್ಲಿ ಇಬ್ಬರ ಹಿತ ಪೂರ್ತಿ ಬೇರೆಯಾಗುತ್ತದೆ. ನೌಕ್ರಿಯ ರೆಸ್ಯೂಮೆ ಸಂಗ್ರಹದಲ್ಲಿ ‘ಈಗಾಗಲೇ ನೋಟಿಸ್‌ನಲ್ಲಿ ಇರುವವರು’ ಎಂದು ಸೋಸುವ ಆಯ್ಕೆಯೇ ಇದೆ. 90 ದಿನ ಕಾಯಲು ಕ್ಲೈಂಟ್ ಒಪ್ಪುವುದಿಲ್ಲ. ಕಾದರೂ ಆ ಮೂರು ತಿಂಗಳಲ್ಲಿ ಕ್ಯಾಂಡಿಡೇಟ್ ಇನ್ನೊಂದು ಆಫರ್ ಹಿಡಿದು ಕೈಕೊಡಬಹುದು. 2021–22ರಲ್ಲಿ ಹಾಗೆ ಕೈಕೊಟ್ಟವರು ಸಾಕಷ್ಟು ಮಂದಿ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನ ಅಟ್ರಿಷನ್ ಶೇ. 28.4ಕ್ಕೆ ಏರಿದ್ದ ಕಾಲ ಅದು. ಆದ್ದರಿಂದ ರಾಜೀನಾಮೆ ಕೊಟ್ಟು ಬಂದವರನ್ನು ಮಾರುವುದು ರಿಕ್ರೂಟರ್‌ಗೆ ಸುಲಭ. ಅದು ನಿಜವೇ, ಆ ಸಲಹೆಯಲ್ಲಿ ಕಪಟವಿಲ್ಲ. ಆದರೆ ಆಫರ್ ಬಾರದೆ 90 ದಿನ ಮುಗಿದರೆ ಅವರಿಗೆ ಹೋಗುವುದು ಒಂದು ಕ್ಲೋಷರ್, ನಿಮಗೆ ಹೋಗುವುದು ಸಂಬಳ. ನಾಲ್ಕರಲ್ಲಿ ಎರಡು ಹೋಲ್ಡ್ ಆದವು ಎಂದ ಅದೇ ಬಾಯಿ ಪೇಪರ್ ಹಾಕಿ ಎಂದಿದೆ. ಮೊದಲ ಮಾತನ್ನು ನಂಬಿದರೆ ಎರಡನೆಯದನ್ನು ಒಪ್ಪಲಾಗದು. ಬೈಔಟ್‌ಗೆ, ಅಂದರೆ ಉಳಿದ ನೋಟಿಸ್ ದಿನಗಳ ಹಣ ಕಟ್ಟಿ ಬಿಡಿಸಿಕೊಳ್ಳಲು, ಹೊಸ ಕಂಪನಿ ಒಪ್ಪುತ್ತದೆಯೇ ಎಂದು ಕೇಳುವುದು ಇದಕ್ಕಿಂತ ಸುರಕ್ಷಿತ ದಾರಿ.

ಆ ಟೆಸ್ಟಿಂಗ್ ಮ್ಯಾನೇಜರ್ ಬರೆದ ಮೆಸೇಜಿನಲ್ಲಿ ರೆಸ್ಯೂಮೆ ಇಲ್ಲ ಎಂಬುದನ್ನು ಗಮನಿಸಿರಬಹುದು. ಅದು ಮರೆವಲ್ಲ. ಕನ್ಸಲ್ಟೆನ್ಸಿ ಒಂದು ಪ್ರೊಫೈಲನ್ನು ಕ್ಲೈಂಟಿನ ಪೋರ್ಟಲ್‌ಗೆ ಏರಿಸಿದ ಕ್ಷಣದಿಂದ ಆ ಕಂಪನಿಯ ಲೆಕ್ಕದಲ್ಲಿ ಆ ಕ್ಯಾಂಡಿಡೇಟ್ ಆ ವೆಂಡರಿನವರು. ಈ ಹಕ್ಕು ಒಪ್ಪಂದಕ್ಕೆ ತಕ್ಕಂತೆ ಕೆಲವು ತಿಂಗಳು ಇರುತ್ತದೆ, ಆರು ತಿಂಗಳು ಸಾಮಾನ್ಯ. ಅಷ್ಟರಲ್ಲಿ ನಿಮ್ಮ ಹಳೆಯ ಸಹೋದ್ಯೋಗಿ ಅದೇ ಕಂಪನಿಯಲ್ಲಿ ನಿಮ್ಮನ್ನು ರೆಫರ್ ಮಾಡಲು ಹೋದರೆ ‘ಡುಪ್ಲಿಕೇಟ್’ ಎಂದು ಬರುತ್ತದೆ. ರೆಫರಲ್ ಮೂಲಕ ಬಂದಿದ್ದರೆ ಕಂಪನಿಗೆ ವೆಂಡರ್ ಫೀಸು ಉಳಿಯುತ್ತಿತ್ತು, ನಿಮ್ಮ ರೆಸ್ಯೂಮೆ ನೇರವಾಗಿ ಮ್ಯಾನೇಜರ್ ಮೇಜಿಗೆ ಹೋಗುತ್ತಿತ್ತು. ಇಬ್ಬರು ವೆಂಡರುಗಳು ಒಂದೇ ಪ್ರೊಫೈಲ್ ಏರಿಸಿದರೆ ತಂಟೆಯೇ ಬೇಡವೆಂದು ಎರಡನ್ನೂ ಬದಿಗಿಡುವ ಕಂಪನಿಗಳೂ ಇವೆ. ಒಳ್ಳೆಯ ಕನ್ಸಲ್ಟೆನ್ಸಿಗಳು ಪ್ರತಿ ಹುದ್ದೆಗೂ ಇಮೇಲ್‌ನಲ್ಲಿ ಒಪ್ಪಿಗೆ ಕೇಳಿಯೇ ಕಳಿಸುತ್ತವೆ. ಎಲ್ಲರೂ ಹಾಗೆ ಮಾಡುವುದಿಲ್ಲ. ‘ಓಪನಿಂಗ್ ಇದ್ರೆ ನೋಡಿ’ ಎಂದು ಬರೆದು ರೆಸ್ಯೂಮೆ ಲಗತ್ತಿಸಿದವರು ಒಪ್ಪಿಗೆ ಕೊಟ್ಟಂತೆಯೇ ಆಯಿತು. ಸಂಖ್ಯೆ, ಹುದ್ದೆ, ವರ್ಷ ಇಷ್ಟು ಹೇಳಿದರೆ ಉತ್ತರಿಸಲು ಸಾಕು. ರೆಸ್ಯೂಮೆ ಬೇಕೆಂದು ಅವರೇ ಕೇಳಿದರೆ ಯಾವ ಕ್ಲೈಂಟಿಗೆ ಎಂದು ತಿಳಿದುಕೊಂಡೇ ಕೊಡಬೇಕು.

ಇಷ್ಟಕ್ಕೂ ಆ ರಿಕ್ರೂಟರ್ ತಮ್ಮ ಹತ್ತು ನಿಮಿಷ ಏಕೆ ಕೊಡಬೇಕು? ಕೃತಜ್ಞತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವರ ಫೀಸು ಕಂಪನಿಯಿಂದ ಆಗಲೇ ಬಂದಿದೆ, ಬಾಕಿ ಯಾರದೂ ಯಾರ ಮೇಲೂ ಇಲ್ಲ. ಆದರೆ 2017ರ ಟೆಸ್ಟಿಂಗ್ ಲೀಡ್ ಈಗ ಜನರನ್ನು ತೆಗೆದುಕೊಳ್ಳುವ ಮ್ಯಾನೇಜರ್. ನಾಳೆ ಅವರೇ ಕ್ಲೈಂಟ್ ಆಗಬಹುದು. ರಿಕ್ರೂಟರುಗಳು ಇದನ್ನು ಚೆನ್ನಾಗಿ ಬಲ್ಲರು. ಹಳೆಯ ಕ್ಯಾಂಡಿಡೇಟ್‌ಗಳಿಗೆ ಸಮಯ ಕೊಡುವವರು ಕೊಡುವುದು ಬಹುಮಟ್ಟಿಗೆ ಇದಕ್ಕೇ. ಪ್ರತಿಯಾಗಿ ಅವರು ‘ನಿಮ್ಮ ಟೀಮಲ್ಲಿ ಒಳ್ಳೆ ಆಟೊಮೇಷನ್ ಹುಡುಗರು ಯಾರಾದ್ರೂ ಇದ್ದಾರಾ’ ಎಂದು ಕೇಳುವುದು ಖಂಡಿತ. ಆಗ ಸಹೋದ್ಯೋಗಿಗಳ ಹೆಸರು, ನಂಬರು ಕೊಟ್ಟುಬಿಡುವುದು ಸುಲಭದ ಋಣಸಂದಾಯದಂತೆ ಕಾಣುತ್ತದೆ. ಅವರನ್ನು ಕೇಳದೆ ಕೊಡುವುದು ಸರಿಯಲ್ಲ. ನಿಮ್ಮ ಕೈಕೆಳಗಿನವರಾದರಂತೂ ಅದು ನಿಮ್ಮ ಕೆಲಸಕ್ಕೇ ಕುತ್ತು. ‘ಅವರನ್ನು ಕೇಳಿ ಹೇಳುತ್ತೇನೆ’ ಎಂದರೆ ಸಾಕು. ತಮ್ಮ ಗುಟ್ಟು ಕಾಪಾಡಿ ಎಂದು ಕೇಳಿದವರು ಇನ್ನೊಬ್ಬರದ್ದನ್ನೂ ಕಾಪಾಡಬೇಕಲ್ಲವೇ?

ಚೆನ್ನಾಗಿ ಬರೆದ ಮೆಸೇಜಿಗೂ ಒಂದು ಮಿತಿ ಇದೆ. ಇದರಿಂದ ಸಿಗುವುದು ಒಬ್ಬರ ಮೇಜಿನ ಮೇಲಿನ ಮೂರು ತಿಂಗಳ ಚಿತ್ರ. ಸರ್ವಿಸ್ ಕಂಪನಿಗಳಿಗೆ ಜನ ಕೊಡುವವರೊಬ್ಬರನ್ನೂ ಜಿಸಿಸಿಗಳಿಗೆ ಕೊಡುವವರೊಬ್ಬರನ್ನೂ ಕೇಳಿದರೆ ಚಿತ್ರ ಸ್ವಲ್ಪ ಅಗಲವಾಗುತ್ತದೆ. ಇಬ್ಬರೂ ಒಂದೇ ಕಡೆ ಬೆರಳು ತೋರಿಸಿದರೆ, ನಮ್ಮ ಉದಾಹರಣೆಯಲ್ಲಿ ‘ಕೋಡ್ ಬರೆಯದ ಮ್ಯಾನೇಜರ್’ ಎಂದು, ಅದು ಆ ರಿಕ್ರೂಟರಿನ ರುಚಿಯಲ್ಲ, ಬೇಡಿಕೆಯೇ ಹಾಗಿದೆ ಎಂದು ತಿಳಿಯಬೇಕು. ಆದರೂ ಸಂಬಳದ ವಿಷಯದಲ್ಲಿ ಇಬ್ಬರ ಸ್ವಾರ್ಥವೂ ಒಂದೇ ದಿಕ್ಕಿಗೆ ವಾಲುವುದರಿಂದ ಅಲ್ಲಿ ಇಬ್ಬರೂ ಒಪ್ಪಿದರೆಂದು ನಂಬಿಕೆ ಹೆಚ್ಚಬೇಕಿಲ್ಲ. ಅದಕ್ಕೆ ಇತ್ತೀಚೆಗೆ ಕೆಲಸ ಬದಲಿಸಿದ ಸ್ನೇಹಿತರೇ ಒಳ್ಳೆಯ ಮೂಲ. ಅಥವಾ ನೇರವಾಗಿ ಎರಡು ಇಂಟರ್ವ್ಯೂ ಕೊಟ್ಟು ನೋಡುವುದು. ಕೆಲಸ ಈಗಾಗಲೇ ಹೋಗಿದ್ದರೆ ಈ ಮೆಸೇಜು ಬರೆಯುತ್ತ ಕೂರುವುದು ವ್ಯರ್ಥ. ಆಗ ಬೇಕಾದದ್ದು ಮಾರ್ಕೆಟ್ಟಿನ ವಿಮರ್ಶೆಯಲ್ಲ, ಮುಂದಿನ ವಾರದ ಇಂಟರ್ವ್ಯೂ. ನೇರವಾಗಿ ಅರ್ಜಿಯನ್ನೇ ಕಳಿಸಬೇಕು.

ಒಟ್ಟಿನಲ್ಲಿ ಈ ರೂಢಿಯನ್ನು ತಳ್ಳಿಹಾಕುವಂತಿಲ್ಲ. ಅದರಿಂದ ಸರಿಯಾದದ್ದನ್ನು ಪಡೆಯುವವರು ಕಡಿಮೆ, ಅಷ್ಟೆ. ಬಂದ ಉತ್ತರದ ಬೆಲೆಯನ್ನು ಒಂದು ಪ್ರಶ್ನೆಯಿಂದ ಅಳೆಯಬಹುದು: ಈ ಮಾತಿನಿಂದ ಹೇಳಿದವರಿಗೆ ಲಾಭವೋ ನಷ್ಟವೋ? ‘ಪೇಪರ್ ಹಾಕಿ ಬನ್ನಿ’ ಎಂಬುದು ಅವರಿಗೆ ಲಾಭದ ಮಾತು, ಎರಡು ಸಲ ಯೋಚಿಸಬೇಕು. ‘ನಿಮ್ಮ ಪ್ರೊಫೈಲ್ ಈಗ ಕಳಿಸುವುದಿಲ್ಲ, ಆರು ತಿಂಗಳು ಕೂತು ಆಟೊಮೇಷನ್ ಕಲಿತು ಬನ್ನಿ’ ಎಂದು ಯಾರಾದರೂ ಹೇಳಿದರೆ ಅವರು 2.5 ಲಕ್ಷದ ಒಂದು ಸಾಧ್ಯತೆಯನ್ನು ಸದ್ಯಕ್ಕೆ ಬಿಟ್ಟುಕೊಟ್ಟು ಹೇಳಿದ್ದಾರೆ. ಆ ಮಾತನ್ನು ತೂಗಿ ನೋಡಬೇಕಿಲ್ಲ, ಅದರಂತೆ ನಡೆಯಬಹುದು.